ಶೂ ಕತ್ತರಿಸಿ ನೋಡಿದ ಕೋಚ್

1960ರ ದಶಕದ ನಡುಭಾಗ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಓಟಗಾರ ಕೆನ್ನಿ ಮೂರ್‌ಗೆ ದೂರದ ಓಟವೊಂದರ ನಂತರ ಪಾದದ ನೋವು ಹತ್ತಿಕೊಂಡಿತು. ಎಕ್ಸ್‌ರೇ ತೆಗೆಸಿದರೆ ಬೆರಳಿನ ಬುಡಕ್ಕೆ ಬಂದು ಸೇರುವ ಉದ್ದನೆಯ ಮೂಳೆಯೊಂದರಲ್ಲಿ ಬಿರುಕು ಕಂಡಿತು. ಒಂದೇ ಪೆಟ್ಟಿಗೆ ಬರುವ ಬಿರುಕಲ್ಲ ಇದು. ಪಾದ ಪ್ರತಿ ಹೆಜ್ಜೆಗೂ ಬಾಗಬಾರದ ಜಾಗದಲ್ಲಿ ಚೂರು ಚೂರೇ ಬಾಗುತ್ತಾ ಹೋದರೆ ಮೂಳೆ ಸೋತು ಬಿರುಕು ಬಿಡುತ್ತದೆ. ಮೂರ್‌ನ ಕೋಚ್ ಬಿಲ್ ಬೋವರ್‌ಮನ್, ಆ ಹುಡುಗ ಯಾವ ಶೂ ಹಾಕಿಕೊಂಡು ಓಡಿದ್ದ ಎಂದು ಕೇಳಿದರು. ಶೂ ತರಿಸಿಕೊಂಡು ಅದನ್ನು ಬಿಚ್ಚಿ, ಕತ್ತರಿಸಿ ನೋಡಿದರು.

ಅದು ಜಪಾನಿನ ಒನಿತ್ಸುಕಾ ಕಂಪನಿಯ ಟೈಗರ್ ಶೂ. ಅದನ್ನು ಅಮೆರಿಕದಲ್ಲಿ ಮಾರುತ್ತಿದ್ದದ್ದು ಬ್ಲೂ ರಿಬ್ಬನ್ ಸ್ಪೋರ್ಟ್ಸ್ ಎಂಬ ಪುಟ್ಟ ಕಂಪನಿ. 1964ರಲ್ಲಿ ಬೋವರ್‌ಮನ್ ಮತ್ತು ಅವರ ಹಳೆಯ ಶಿಷ್ಯ ಫಿಲ್ ನೈಟ್ ತಲಾ 500 ಡಾಲರ್ ಹಾಕಿ ಶುರು ಮಾಡಿದ್ದು ಅದೇ ಕಂಪನಿ. ತಾವೇ ಮಾರುತ್ತಿದ್ದ ಶೂ ತಮ್ಮದೇ ಹುಡುಗನ ಕಾಲು ಮುರಿದಿದೆ ಎಂದು ಗೊತ್ತಾದಾಗ ಬೋವರ್‌ಮನ್ ಅದನ್ನು ಮುಚ್ಚಿಡಲಿಲ್ಲ. ಚಾಕು ಹಿಡಿದು ಕೂತರು. ಇಂದು ನಾವು ಸ್ನೀಕರ್‌ನ ಒಂದೊಂದು ಭಾಗಕ್ಕೂ ಬೇರೆ ಬೇರೆ ಹೆಸರಿಟ್ಟು ಮಾತಾಡುತ್ತೇವೆ. ಆ ಭಾಗಗಳಲ್ಲಿ ಎರಡಕ್ಕೆ ಈಗಿನ ರೂಪ ಬರುವುದರಲ್ಲಿ ಆ ಚಾಕುವಿನ ಪಾಲು ದೊಡ್ಡದು.

ಸ್ನೀಕರ್ ಬಗ್ಗೆ ಬರೆಯುವ ಯಾರಿಗೂ ಈ ಕತೆ ಗೊತ್ತಿರಬೇಕು ಎನ್ನುವುದು ನನ್ನ ನಂಬಿಕೆ. ಮಾರಾಟದ ಪುಟಕ್ಕೆ ನಾಲ್ಕು ಸಾಲು ಬರೆಯುವವರಿಗೂ, ಹಳೆಯ ಶೂ ಮಾರಲು ಇಟ್ಟವರಿಗೂ, ಕ್ರೀಡೆಯ ಬಗ್ಗೆ ಲೇಖನ ಬರೆಯುವವರಿಗೂ ಭಾಗಗಳ ಹೆಸರು ಉರು ಹೊಡೆದರೆ ಸಾಲದು. ಒಂದು ಭಾಗ ಯಾವ ತೊಂದರೆಯನ್ನು ನೀಗಿಸಲು ಹುಟ್ಟಿತು ಎಂದು ತಿಳಿದವರಿಗೆ ಮಾತ್ರ ಅದರಲ್ಲಿ ಏನನ್ನು ಗಮನಿಸಬೇಕು ಎಂಬುದು ಹೊಳೆಯುತ್ತದೆ.

ನಡುವಿನ ಪದರ

ಮೂರ್‌ನ ಶೂ ಕತ್ತರಿಸಿದಾಗ ಬೋವರ್‌ಮನ್‌ಗೆ ಕಂಡದ್ದು ಇಷ್ಟು. ಹಿಮ್ಮಡಿಯ ಕೆಳಗೆ ಮೆತ್ತೆ ಇತ್ತು, ಮುಂಗಾಲಿನ ಕೆಳಗೂ ಇತ್ತು. ಅವೆರಡರ ನಡುವೆ, ಪಾದದ ಕಮಾನು ಇರುವ ಕಡೆ, ಆಸರೆ ಇರಲಿಲ್ಲ. ಓಡುವಾಗ ದೇಹದ ತೂಕಕ್ಕಿಂತ ಎರಡು ಮೂರು ಪಟ್ಟು ಭಾರ ಒಂದೇ ಪಾದದ ಮೇಲೆ ಬೀಳುತ್ತದೆ. ಆ ಭಾರಕ್ಕೆ ಹಿಂದೆ ಮುಂದೆ ಮಾತ್ರ ಆಧಾರ ಸಿಕ್ಕರೆ ನಡುಭಾಗ ಕುಸಿಯುತ್ತದೆ, ಮುಂಭಾಗದ ಮೂಳೆಗಳು ತಿರುಚಿಕೊಳ್ಳುತ್ತವೆ. ಮೆತ್ತೆ ಇದ್ದೂ ಶೂ ಕಾಲು ಮುರಿದದ್ದಕ್ಕೆ ಕಾರಣ ಅದು.

ಬೋವರ್‌ಮನ್ ಮೂರ್‌ಗಾಗಿ ಹೊಸ ಜೋಡಿಯೊಂದನ್ನು ಕೈಯಾರೆ ಕಟ್ಟಿದರು. ಹಿಮ್ಮಡಿಯಿಂದ ಬೆರಳಿನ ತುದಿಯ ತನಕ ಮೆತ್ತೆಯನ್ನು ಒಂದೇ ಪದರವಾಗಿ ಹಾಸಿದರು, ಕಮಾನಿಗೆ ಆಸರೆ ಕೊಟ್ಟರು. ಹಿಮ್ಮಡಿ ತುಸು ಎತ್ತರವಾಗಿ ಕೂರುವಂತೆ ಹಿಂಭಾಗದಲ್ಲಿ ಬೆಣೆಯಾಕಾರದ ಸ್ಪಂಜನ್ನು ಇಟ್ಟರು. ನೆಲಕ್ಕೆ ತಾಗುವ ಅಟ್ಟೆ ಗಟ್ಟಿ ರಬ್ಬರಿನದು, ಮೇಲಿನದು ಮೆತ್ತಗಿನದು. ಹೀಗೆ ಮೇಲಿನ ಹೊದಿಕೆಗೂ ಕೆಳಗಿನ ಅಟ್ಟೆಗೂ ನಡುವೆ ಪಾದದುದ್ದಕ್ಕೂ ಹರಡಿಕೊಂಡ ಪದರವೇ ಮಿಡ್‌ಸೋಲ್. ವಿನ್ಯಾಸವನ್ನು ಜಪಾನಿಗೆ ಕಳಿಸಿದರು. ಒನಿತ್ಸುಕಾ ಅದನ್ನು ತಯಾರಿಸಿತು. ಅದೇ ಕೊರ್ಟೆಜ್ ಆಯಿತು.

ಹೆಸರಿನ ಹಿಂದೊಂದು ಜಗಳವಿದೆ. 1968ರ ಒಲಿಂಪಿಕ್ಸ್ ಮೆಕ್ಸಿಕೊದಲ್ಲಿ ನಡೆಯಲಿದ್ದುದರಿಂದ ಶೂಗೆ ಆಜ್ಟೆಕ್ ಎಂದು ಹೆಸರಿಡಲು ಹೊರಟಿದ್ದರು. ಅಂಥದೇ ಹೆಸರಿನ ಶೂ ನಮ್ಮದೂ ಇದೆ ಎಂದು ಅಡಿಡಾಸ್ ತಕರಾರು ತೆಗೆಯಿತು. ಆಜ್ಟೆಕರನ್ನು ಸೋಲಿಸಿದವನು ಸ್ಪೇನಿನ ಕೊರ್ಟೆಜ್, ಹಾಗಾದರೆ ಅವನ ಹೆಸರೇ ಇರಲಿ ಎಂದು ಬೋವರ್‌ಮನ್ ತೀರ್ಮಾನಿಸಿದರು. ಮುಂದೆ 1970ರ ದಶಕದ ಆರಂಭದಲ್ಲಿ ಬ್ಲೂ ರಿಬ್ಬನ್ ತನ್ನದೇ ನೈಕಿ ಬ್ರ್ಯಾಂಡ್ ಹುಟ್ಟುಹಾಕಿ ಒನಿತ್ಸುಕಾ ಜೊತೆಗಿನ ಸಂಬಂಧ ಕಡಿದುಕೊಂಡಾಗ ಈ ಶೂ ಯಾರದು ಎಂಬ ಪ್ರಶ್ನೆ ಕೋರ್ಟಿಗೆ ಹೋಯಿತು. ಕೊನೆಗೆ ಕೊರ್ಟೆಜ್ ಎಂಬ ಹೆಸರು ನೈಕಿಗೆ ಉಳಿಯಿತು. ಒನಿತ್ಸುಕಾ ಅದೇ ಶೂವನ್ನು ಕೊರ್ಸೇರ್ ಎಂಬ ಹೆಸರಿನಲ್ಲಿ ಮಾರಿತು.

ವಿವರಣೆ ಬರೆಯುವವರಿಗೆ ಈ ಎರಡು ಶೂಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಒಂದರ ಪಕ್ಕದಲ್ಲಿ ಸ್ವೂಶ್ ಗುರುತು, ಇನ್ನೊಂದರ ಪಕ್ಕದಲ್ಲಿ ಅಡ್ಡ ಹಾಯುವ ಪಟ್ಟಿಗಳು. ಹೊರಗಿನ ಗುರುತನ್ನೇ ನೋಡಿ ಬರೆದರೆ ಇವು ಎರಡು ಬೇರೆ ಶೂಗಳು. ಪಾದದುದ್ದಕ್ಕೂ ಇರುವ ಮಿಡ್‌ಸೋಲ್, ಹಿಮ್ಮಡಿಯ ಬೆಣೆ, ಹೆರಿಂಗ್‌ಬೋನ್ ಎಂದು ಕರೆಯುವ ಅಂಕುಡೊಂಕು ಗೆರೆಯ ಅಟ್ಟೆ ಇವನ್ನು ಬರೆದರೆ ಒಂದೇ ತಾಯಿಯ ಮಕ್ಕಳೆಂದು ಓದುಗರಿಗೇ ತಿಳಿಯುತ್ತದೆ.

ಮಿಡ್‌ಸೋಲ್ ಗುರುತಿಸುವಾಗ ತಪ್ಪುಗಳೂ ಆಗುತ್ತವೆ. ಶೂವನ್ನು ಪಕ್ಕದಿಂದ ನೋಡಿದಾಗ ಕೆಳಗೆ ಕಾಣುವ ಬಿಳಿ ಪಟ್ಟಿಯನ್ನೆಲ್ಲ ಮಿಡ್‌ಸೋಲ್ ಎಂದು ಬರೆದುಬಿಡುತ್ತಾರೆ. ಕನ್ವರ್ಸ್ ಆಲ್ ಸ್ಟಾರ್ ಶೂ ತೆಗೆದುಕೊಳ್ಳಿ. 1917ರಿಂದ ಇರುವ ಬಾಸ್ಕೆಟ್‌ಬಾಲ್ ಶೂ ಅದು. ಅದರ ಬುಡದ ಸುತ್ತ ಇರುವ ಬಿಳಿ ಪಟ್ಟಿ ಮಿಡ್‌ಸೋಲ್ ಅಲ್ಲ. ಕ್ಯಾನ್ವಾಸಿನ ಅಂಚನ್ನೂ ಅಟ್ಟೆಯ ಅಂಚನ್ನೂ ಸೇರಿಸಿ ಸುತ್ತಿದ ರಬ್ಬರ್ ಪಟ್ಟಿ. ಅದಕ್ಕೆ ಫಾಕ್ಸಿಂಗ್ ಎನ್ನುತ್ತಾರೆ. ಪಟ್ಟಿ ಸುತ್ತಿದ ಮೇಲೆ ಶೂವನ್ನು ಬಿಸಿ ಒಲೆಯಲ್ಲಿಟ್ಟು ರಬ್ಬರನ್ನು ಗಂಧಕದ ಜೊತೆ ಬೇಯಿಸಿ ಗಟ್ಟಿ ಮಾಡುತ್ತಾರೆ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಲ್ಕನೀಕರಣ ಎಂದರೆ ಇದೇ. ಆ ಪಟ್ಟಿಯ ಕೆಲಸ ಹಿಡಿದಿಡುವುದು, ಮೆತ್ತಗಾಗಿಸುವುದಲ್ಲ.

ಇನ್ನೊಂದು ಬಗೆ ಕಪ್‌ಸೋಲ್. ಟೆನಿಸ್ ಶೂಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ರಬ್ಬರ್ ಅಟ್ಟೆಯನ್ನು ಅಂಚು ಎತ್ತರಿಸಿ ಎರಕ ಹೊಯ್ದಿರುತ್ತಾರೆ, ಮೇಲಿನ ಹೊದಿಕೆ ಅದರೊಳಗೆ ಕೂರುತ್ತದೆ, ಸುತ್ತಲೂ ಹೊಲಿಗೆ ಹಾಕುತ್ತಾರೆ. ಮೆತ್ತೆ ಇದ್ದರೆ ಅದು ಆ ರಬ್ಬರ್ ಗೋಡೆಯ ಒಳಗೆ ಅಡಗಿರುತ್ತದೆ, ಹೊರಗೆ ಕಾಣುವುದಿಲ್ಲ.

ಯಾವುದು ಯಾವುದೆಂದು ತಿಳಿಯಲು ಹೆಬ್ಬೆರಳೇ ಸಾಕು. ಪಕ್ಕದ ಪಟ್ಟಿಯನ್ನು ಉಗುರಿನಿಂದ ಒತ್ತಿ ನೋಡಿ. ಒಳಗೆ ಹೋಗಿ ನಿಧಾನವಾಗಿ ಮೇಲೆ ಬಂದರೆ ಫೋಮ್, ಅಂದರೆ ನಿಜವಾದ ಮಿಡ್‌ಸೋಲ್. ಒತ್ತಿದರೂ ಜಗ್ಗದೆ ಗಟ್ಟಿಯಾಗಿದ್ದರೆ ರಬ್ಬರ್. ರಬ್ಬರ್ ಅಂಚಿನ ಮೇಲೆ ಸಾಲು ಹೊಲಿಗೆ ಕಂಡರೆ ಕಪ್‌ಸೋಲ್ ಇರಬೇಕು. ಹೊಲಿಗೆ ಇಲ್ಲದೆ, ಪಟ್ಟಿಯ ಎರಡು ತುದಿ ಸೇರಿದ ಗುರುತು ಎಲ್ಲಾದರೂ ಕಂಡರೆ ಫಾಕ್ಸಿಂಗ್.

1970ರ ದಶಕದ ನಡುವೆ ಓಟದ ಶೂಗಳಿಗೆ ಇವಿಎ ಎಂಬ ಫೋಮ್ ಬಂತು. ಪ್ಲಾಸ್ಟಿಕ್ಕಿನೊಳಗೆ ಲೆಕ್ಕವಿಲ್ಲದಷ್ಟು ಪುಟ್ಟ ಮುಚ್ಚಿದ ಗುಳ್ಳೆಗಳು ತುಂಬಿರುವ ವಸ್ತು ಅದು. ಸ್ಪಂಜ್ ರಬ್ಬರಿಗಿಂತ ಬಹಳ ಹಗುರ. ಆದರೆ ಅದಕ್ಕೊಂದು ಮಿತಿ ಇದೆ. ಹೆಜ್ಜೆ ಬಿದ್ದಂತೆಲ್ಲ ಗುಳ್ಳೆಗಳ ಗೋಡೆ ಬಾಗಿ ಬಾಗಿ ಕೊನೆಗೆ ಮತ್ತೆ ನೆಟ್ಟಗಾಗುವುದಿಲ್ಲ. 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಶೂ ಬದಲಿಸಿ ಎಂದು ಕೋಚ್‌ಗಳು ಹೇಳುವುದು ಇದೇ ಕಾರಣಕ್ಕೆ. ಹಳೆಯ ಶೂ ವಿವರಿಸುವಾಗ ಹಿಮ್ಮಡಿಯ ಪಕ್ಕದ ಫೋಮಿನಲ್ಲಿ ಅಡ್ಡ ಸುಕ್ಕುಗಳಿವೆಯೇ ನೋಡಿ. ಸುಕ್ಕು ಆಳವಾಗಿದ್ದರೆ ಅಟ್ಟೆ ಹೊಸದರಂತೆ ಕಂಡರೂ ಮೆತ್ತೆ ಮುಗಿದಿದೆ ಎಂದರ್ಥ.

ಪಾಲಿಯುರಿಥೇನ್ ಎಂಬ ಇನ್ನೊಂದು ಫೋಮಿನ ಕಾಯಿಲೆ ಬೇರೆ. ಅದು ಇವಿಎಗಿಂತ ಭಾರ, ಬೇಗ ಚಪ್ಪಟೆಯಾಗುವುದಿಲ್ಲ. ಗಾಳಿಯ ತೇವ ವರ್ಷಗಟ್ಟಲೆ ಒಳಗಿಳಿದರೆ ಅದರ ಅಣುಗಳ ಸರಪಳಿಯೇ ತುಂಡಾಗುತ್ತದೆ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಡಬ್ಬಿಯಲ್ಲಿ ಜೋಪಾನವಾಗಿ ಎತ್ತಿಟ್ಟ ಶೂ ನಾಲ್ಕಾರು ಮಳೆಗಾಲ ಕಳೆದು ಹಾಕಿಕೊಂಡ ದಿನ ಕಾಲ ಕೆಳಗೇ ಪುಡಿಯಾಗಿ ಉದುರಿದರೆ, ಅದರ ಮಿಡ್‌ಸೋಲ್ ಪಾಲಿಯುರಿಥೇನ್ ಇದ್ದಿರಬೇಕು. ಹಾಗಾಗಿ ಮಿಡ್‌ಸೋಲ್ ಯಾವ ಫೋಮಿನದು ಎಂದು ಬರೆಯುವುದು ಕೊಳ್ಳುವವರಿಗೆ ಬಹಳ ಉಪಕಾರ.

ನೆಲ ಹಿಡಿಯುವ ಅಟ್ಟೆ

ಬೋವರ್‌ಮನ್‌ಗೆ ಮುಂದಿನ ತಲೆನೋವು ತಂದದ್ದು ನೆಲ. ಆರೆಗಾನ್‌ನ ಯೂಜೀನ್ ಊರಿನಲ್ಲಿರುವ ಹೇವರ್ಡ್ ಫೀಲ್ಡ್ ಮೈದಾನದ ಓಟದ ಹಾದಿಗೆ 1970ರ ಆಸುಪಾಸಿನಲ್ಲಿ ಕೃತಕ ಹಾಸು ಬಂತು. ಅದಕ್ಕೂ ಮೊದಲು ಓಟಗಾರರು ಮೊಳೆ ಹಾಕಿದ ಶೂಗಳಲ್ಲಿ ಓಡುತ್ತಿದ್ದರು. ಮಣ್ಣಿಗೆ ಮೊಳೆ ಚುಚ್ಚಿಕೊಂಡು ಹಿಡಿತ ಕೊಡುತ್ತಿತ್ತು. ಮೊಳೆ ಇಲ್ಲದೆಯೂ ಹೊಸ ಹಾಸಿನ ಮೇಲೆ, ಹುಲ್ಲಿನ ಮೇಲೆ, ಮರದ ಸಿಪ್ಪೆ ಹರಡಿದ ದಾರಿಯ ಮೇಲೆ ಹಿಡಿತ ಕೊಡುವ ಅಟ್ಟೆ ಬೇಕು, ಅದು ಹಗುರವೂ ಇರಬೇಕು ಎಂಬ ಯೋಚನೆ ಬೋವರ್‌ಮನ್ ತಲೆ ಹೊಕ್ಕಿತು.

ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಬಾರ್ಬರಾ ತಿಂಡಿಗೆ ವಾಫಲ್ ಮಾಡುತ್ತಿದ್ದರು. ವಾಫಲ್ ಹುಯ್ಯುವ ಕಾವಲಿ ಎರಡು ಫಲಕಗಳದ್ದು, ಎರಡರ ಮೈಯಲ್ಲೂ ಸಾಲಾಗಿ ಚೌಕದ ಉಬ್ಬುಗಳು. ಹಿಟ್ಟು ಹುಯ್ದು ಮುಚ್ಚಿದರೆ ಮೈತುಂಬ ಚೌಕ ಗುಳಿಗಳಿರುವ ತಿಂಡಿ ಸಿದ್ಧ. ಬೋವರ್‌ಮನ್ ಅದನ್ನು ತಲೆಕೆಳಗಾಗಿ ಯೋಚಿಸಿದರು. ಗುಳಿ ಇರುವ ಕಡೆ ಉಬ್ಬು ಬಂದರೆ, ಅಂದರೆ ಚೌಕದ ಗಟ್ಟಿ ಗುಬ್ಬಿಗಳು ಅಟ್ಟೆಯ ತುಂಬ ಇದ್ದರೆ, ನೆಲಕ್ಕೆ ಎಲ್ಲ ದಿಕ್ಕಿನಿಂದಲೂ ಹಿಡಿತ ಸಿಗುತ್ತದಲ್ಲ?

ಅವರು ಕಾವಲಿಯನ್ನೇ ಗ್ಯಾರೇಜಿಗೆ ಒಯ್ದು ಯುರಿಥೇನ್ ದ್ರವವನ್ನು ಹುಯ್ದರು. ಅಂಟದಂತೆ ಮೊದಲು ಸವರಬೇಕಾದ್ದನ್ನು ಸವರಲು ಮರೆತಿದ್ದರು. ದ್ರವ ಗಟ್ಟಿಯಾಯಿತು, ಕಾವಲಿ ಬಿಚ್ಚಿಕೊಳ್ಳಲೇ ಇಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಕಾವಲಿ ಹಾಗೆ ಹಾಳಾಯಿತು. ದಶಕಗಳ ನಂತರ, ಬೋವರ್‌ಮನ್ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಮನೆಯ ಹಳೆಯ ಕಸದ ಗುಂಡಿಯಲ್ಲಿ ಅದು ಮನೆಯವರಿಗೆ ಸಿಕ್ಕಿತು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ, ವಾಫಲ್ ಕಾವಲಿಯಿಂದ ಶೂ ಹುಟ್ಟಿತು ಎಂದು ಹೇಳುವವರೇ ಹೆಚ್ಚು. ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಮುಂದಿನದನ್ನು ಫಿಲ್ ನೈಟ್ ತಮ್ಮ ಆತ್ಮಕತೆಯಲ್ಲಿ ಬಿಡಿಸಿ ಬರೆದಿದ್ದಾರೆ. ಬೋವರ್‌ಮನ್ ಇನ್ನೊಂದು ಕಾವಲಿ ತಂದು ಅದಕ್ಕೆ ಪ್ಲಾಸ್ಟರ್ ಹುಯ್ದು ಅಚ್ಚು ತೆಗೆದರು. ಆ ಅಚ್ಚನ್ನು ರಬ್ಬರ್ ಕಂಪನಿಗೆ ಕೊಟ್ಟು ರಬ್ಬರ್ ಹುಯ್ಯಿಸಿದರು. ಬಂದ ತುಂಡು ಬಗ್ಗಲಿಲ್ಲ, ಮುರಿದುಹೋಯಿತು. ಆಗ ಕಾವಲಿಯ ಸಹವಾಸವನ್ನೇ ಬಿಟ್ಟು ಸ್ಟೇನ್‌ಲೆಸ್ ಸ್ಟೀಲ್ ತಗಡು ತಂದು ಅದಕ್ಕೆ ಸಾಲಾಗಿ ತೂತು ಹೊಡೆದರು. ಆ ತಗಡಿನಿಂದ ತೆಗೆದ ರಬ್ಬರ್ ಬಾಗಿತು, ಮಣಿಯಿತು, ಗುಬ್ಬಿಗಳೂ ಚೆನ್ನಾಗಿ ಎದ್ದಿದ್ದವು. ಅದನ್ನು ಪಾದದ ಅಳತೆಗೆ ಕತ್ತರಿಸಿ ಓಟದ ಶೂಗಳ ಅಡಿಗೆ ಹೊಲಿದು ತಮ್ಮ ಹುಡುಗನೊಬ್ಬನಿಗೆ ಕೊಟ್ಟರು. ಹುಡುಗ ಮೊಲದ ಹಾಗೆ ಓಡಿದ.

ಗುಬ್ಬಿಗಳು ಕೆಲಸ ಮಾಡುವುದು ಅಂಚಿನ ಬಲದಿಂದ. ಒಂದೊಂದು ಚೌಕಕ್ಕೂ ನಾಲ್ಕು ಅಂಚು. ಪಾದ ಮುಂದೆ ತಳ್ಳಿದರೂ ಪಕ್ಕಕ್ಕೆ ಜಾರಿದರೂ ಯಾವುದೋ ಒಂದು ಅಂಚು ನೆಲಕ್ಕೆ ಎದುರಾಗಿ ನಿಲ್ಲುತ್ತದೆ. ಮಣ್ಣಿನಲ್ಲಿ ಗುಬ್ಬಿ ಒಳಗಿಳಿಯುತ್ತದೆ, ಗಟ್ಟಿ ಹಾಸಿನ ಮೇಲೆ ತುಸು ಬಾಗಿ ತೂಕ ಹೊರುತ್ತದೆ. ಗುಬ್ಬಿಗಳ ನಡುವಿನ ಜಾಗ ಖಾಲಿ ಇರುವುದರಿಂದ ಅಷ್ಟು ರಬ್ಬರಿನ ಭಾರವೂ ಉಳಿಯುತ್ತದೆ. ಕೃತಕ ಹಾಸಿನ ಮೇಲೆ ಬಳಸಲೆಂದು ಬೋವರ್‌ಮನ್ ಈ ಅಟ್ಟೆಗೆ ಪಡೆದ ಅಮೆರಿಕದ ಪೇಟೆಂಟ್ 1974ರ ಫೆಬ್ರವರಿಯಲ್ಲಿ ಮಂಜೂರಾಯಿತು.

1972ರಲ್ಲಿ ಯೂಜೀನ್‌ನಲ್ಲೇ ಒಲಿಂಪಿಕ್ಸ್ ಆಯ್ಕೆ ಪಂದ್ಯಗಳು ನಡೆದಾಗ ಈ ಅಟ್ಟೆಯ ಒಂದು ಡಜನ್‌ನಷ್ಟು ಜೋಡಿಗಳನ್ನು ಕೈಯಲ್ಲೇ ಮಾಡಿ ಓಟಗಾರರಿಗೆ ಕೊಟ್ಟರು. ಮಣ್ಣಿನ ಮೇಲೆ ಅವು ಬಿಟ್ಟ ಗುರುತು ಚಂದ್ರನ ಮೇಲೆ ಗಗನಯಾತ್ರಿಗಳು ಬಿಟ್ಟ ಹೆಜ್ಜೆಗುರುತನ್ನು ನೆನಪಿಸುತ್ತಿತ್ತು, ಹಾಗಾಗಿ ಮೂನ್ ಶೂ ಎಂಬ ಹೆಸರು ಬಂತು. ಅವುಗಳಲ್ಲಿ ಒಂದು ಜೋಡಿ 2019ರಲ್ಲಿ ಸದಬೀಸ್ ಹರಾಜಿನಲ್ಲಿ 4,37,500 ಡಾಲರ್‌ಗೆ ಮಾರಾಟವಾಯಿತು.

ಅಟ್ಟೆಯನ್ನು ವಿವರಿಸುವಾಗ ಮೂರು ಸಂಗತಿ ಬರೆದರೆ ಸಾಕು: ಯಾವ ಆಕಾರದ ಉಬ್ಬು, ಎಷ್ಟು ಎತ್ತರ, ಎಲ್ಲೆಲ್ಲಿ ಇದೆ. ಒಳ್ಳೆಯ ಗ್ರಿಪ್ ಇದೆ ಎಂದು ಬರೆದರೆ ಯಾವ ನೆಲದ ಮೇಲೆ ಎಂದು ಗೊತ್ತಾಗುವುದಿಲ್ಲ. ಅಂಕುಡೊಂಕು ಗೆರೆಯ ಅಟ್ಟೆ ನಯವಾದ ಅಂಕಣಕ್ಕೆ ಹೇಳಿ ಮಾಡಿಸಿದ್ದು, ಕೆಸರಿನಲ್ಲಿ ಗೆರೆಗಳ ನಡುವೆ ಮಣ್ಣು ಕಚ್ಚಿಕೊಂಡು ಜಾರುತ್ತದೆ. ಎತ್ತರದ, ಬಿಡಿಬಿಡಿ ಗುಬ್ಬಿಗಳು ಕಾಡುದಾರಿಗೆ ಸರಿ, ಡಾಂಬರಿನ ಮೇಲೆ ಬೇಗ ಸವೆಯುತ್ತವೆ. ಈಗಿನ ಹಗುರ ಶೂಗಳಲ್ಲಿ ರಬ್ಬರ್ ಎಲ್ಲೆಡೆ ಇರುವುದೂ ಇಲ್ಲ. ಹಿಮ್ಮಡಿಯ ಹೊರ ಅಂಚು ಮತ್ತು ಮುಂಗಾಲಿನ ಕೆಳಗೆ ಮಾತ್ರ ರಬ್ಬರ್ ತುಂಡು ಅಂಟಿಸಿ, ಉಳಿದ ಕಡೆ ಮಿಡ್‌ಸೋಲ್ ಫೋಮನ್ನೇ ನೆಲಕ್ಕೆ ಬಿಟ್ಟಿರುತ್ತಾರೆ. ಅಂಥ ಶೂವನ್ನು ರಬ್ಬರ್ ಅಟ್ಟೆಯದು ಎಂದು ಬರೆದರೆ ಅರ್ಧ ಸುಳ್ಳು.

ಮೇಲಿನ ಹೊದಿಕೆ, ಬೆರಳಿನ ಜಾಗ

ಬೋವರ್‌ಮನ್‌ಗೆ ತೂಕದ ಹುಚ್ಚು ಮೊದಲಿನಿಂದಲೂ ಇತ್ತು. ಅವರ ಲೆಕ್ಕ ಸರಳ. ಓಟಗಾರನ ಒಂದು ದಾಪು ಆರು ಅಡಿ ಎಂದುಕೊಂಡರೆ ಒಂದು ಮೈಲಿಗೆ 880 ದಾಪು. ಶೂನಿಂದ ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೆಗೆದರೆ, ಮೈಲಿ ಮುಗಿಯುವಷ್ಟರಲ್ಲಿ ಕಾಲು ಎತ್ತಬೇಕಾದ ಭಾರದಲ್ಲಿ ಒಟ್ಟು 25 ಕಿಲೋ ಉಳಿತಾಯ. ಈ ಲೆಕ್ಕ ಹಿಡಿದು ಅವರು ಕಾಂಗರೂ ಚರ್ಮದಿಂದ ಮೀನಿನ ಚರ್ಮದವರೆಗೆ ಏನೇನೋ ಪ್ರಯೋಗ ಮಾಡಿದರು. ಕೊನೆಗೆ ಓಟದ ಶೂಗಳಲ್ಲಿ ಗೆದ್ದದ್ದು ನೈಲಾನ್. ಚರ್ಮಕ್ಕಿಂತ ಹಗುರ, ನೆನೆದರೆ ಬೇಗ ಒಣಗುತ್ತದೆ, ಪಾದ ಉಜ್ಜಿ ಗುಳ್ಳೆ ಬರುವುದೂ ಕಡಿಮೆ.

ನೈಲಾನಿಗೆ ತನ್ನದೇ ಆದ ಬಿಗಿ ಇಲ್ಲ. ಚರ್ಮದ ಶೂ ತನ್ನ ಆಕಾರವನ್ನು ತಾನೇ ಹಿಡಿದುಕೊಳ್ಳುತ್ತದೆ, ನೈಲಾನ್ ಕುಸಿದು ಬೆರಳಿನ ಮೇಲೆ ಕೂರುತ್ತದೆ. ಹಾಗಾಗಿ ಬೆರಳಿನ ಸುತ್ತ, ಲೇಸ್ ತೂತುಗಳ ಸಾಲಿಗೆ, ಹಿಮ್ಮಡಿಯ ಹಿಂದೆ ಸ್ವೀಡ್ ಚರ್ಮದ ತುಂಡುಗಳನ್ನು ಮೇಲಿಂದ ಹೊಲಿಯುವುದು ಬೇಕಾಯಿತು. 70ರ ದಶಕದ ಓಟದ ಶೂಗಳಿಗೆ ಆ ಮುಖಚಹರೆ ಬಂದದ್ದು ಹೀಗೆ. ಅದು ಬರಿಯ ಅಂದವಲ್ಲ, ಸೋಲುವ ಬಟ್ಟೆಗೆ ಕೊಟ್ಟ ಊರುಗೋಲು.

ಮೇಲಿನ ಹೊದಿಕೆಯನ್ನೆಲ್ಲ ಒಟ್ಟಿಗೆ ಅಪ್ಪರ್ ಎನ್ನುತ್ತಾರೆ. ಅದರೊಳಗಿನ ಭಾಗಗಳನ್ನು ಪಾದದ ಮೇಲೆ ಕೈಯಾಡಿಸಿದಂತೆ ನೋಡುತ್ತಾ ಹೋಗಬಹುದು. ಬೆರಳುಗಳ ಹಿಂದೆ, ಶೂ ಬಾಗುವ ಕಡೆ ಇರುವುದು ವ್ಯಾಂಪ್. ಅಲ್ಲಿಂದ ಮೇಲೆ ಲೇಸಿನ ಕೆಳಗೆ ನಾಲಿಗೆ. ಪಾದದ ಎರಡು ಪಕ್ಕಗಳಿಂದ ಹಿಮ್ಮಡಿಯ ತನಕ ಸುತ್ತುವುದು ಕ್ವಾರ್ಟರ್. ಹಿಮ್ಮಡಿಯ ಹಿಂದೆ ಹೊದಿಕೆಯ ಪದರಗಳ ನಡುವೆ ಅಡಗಿರುವ ಗಟ್ಟಿ ಬಟ್ಟಲು ಹೀಲ್ ಕೌಂಟರ್. ಅದು ಕಣ್ಣಿಗೆ ಬೀಳುವುದಿಲ್ಲ, ಎರಡು ಬೆರಳಿನಿಂದ ಹಿಸುಕಿದರೆ ತಿಳಿಯುತ್ತದೆ. ಗಟ್ಟಿಯಾಗಿ ನಿಂತರೆ ಹಿಮ್ಮಡಿ ಅಲುಗುವುದಿಲ್ಲ, ಮಡಚಿಕೊಂಡರೆ ಶೂ ಮೃದು ಹಿಮ್ಮಡಿಯದು.

ಎಲ್ಲಕ್ಕಿಂತ ಹೆಚ್ಚು ಎಡವಟ್ಟಾಗುವುದು ಟೋ ಬಾಕ್ಸ್ ವಿಷಯದಲ್ಲಿ. ಟೋ ಬಾಕ್ಸ್ ಎಂಬುದು ಯಾವುದೋ ತುಂಡಿನ ಹೆಸರಲ್ಲ, ಬೆರಳುಗಳು ಇರುವ ಜಾಗದ ಹೆಸರು. ಅದರ ಅಗಲ, ಎತ್ತರ ಎರಡನ್ನೂ ತೀರ್ಮಾನಿಸುವುದು ಲಾಸ್ಟ್, ಅಂದರೆ ಪಾದದಾಕಾರದ ಅಚ್ಚು. ಹೊದಿಕೆಯನ್ನು ಆ ಅಚ್ಚಿನ ಮೇಲೆ ಎಳೆದು ಅಡಿಗೆ ಬಿಗಿದಾಗಲೇ ಶೂಗೆ ಒಳಗಿನ ಆಕಾರ ಬರುವುದು. ಬೆರಳಿನ ತುದಿಗೆ ಬೇರೆಯಾಗಿ ಹಾಕಿದ ತುಂಡು ಟೋ ಕ್ಯಾಪ್. ಕನ್ವರ್ಸ್ ಶೂನ ಮುಂದಿನ ಬಿಳಿ ರಬ್ಬರ್ ಕಮಾನು ಟೋ ಕ್ಯಾಪ್, ಅದರೊಳಗಿನ ಜಾಗ ಟೋ ಬಾಕ್ಸ್. ರಬ್ಬರಿನ ಟೋ ಬಾಕ್ಸ್ ಎಂದು ಬರೆದರೆ ಎರಡನ್ನೂ ಬೆರೆಸಿದಂತೆ.

ಇಕ್ಕಟ್ಟಿನ ಟೋ ಬಾಕ್ಸ್ ಏನು ಮಾಡುತ್ತದೆ ಎಂಬುದನ್ನು ದೂರದ ಓಟಗಾರರ ಉಗುರುಗಳು ಹೇಳುತ್ತವೆ. ಓಡುತ್ತಾ ಹೋದಂತೆ ಪಾದ ಊದಿಕೊಳ್ಳುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ಸರಿಯುತ್ತದೆ. ಬೆರಳು ಶೂಗೆ ಬಡಿದು ಬಡಿದು ಉಗುರಿನಡಿ ರಕ್ತ ಕಟ್ಟಿ ಕಪ್ಪಾಗುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಇರಲಿ ಎನ್ನುವುದು ಅದಕ್ಕೇ. ವಿಶಾಲ ಟೋ ಬಾಕ್ಸ್ ಎಂದು ಬರೆಯುವ ಮೊದಲು ಅಗಲವೋ ಎತ್ತರವೋ ನೋಡಿಕೊಳ್ಳಬೇಕು. ಒಳಗಿನ ಇನ್‌ಸೋಲ್ ಹೊರತೆಗೆದು ಅದರ ಮೇಲೆ ಪಾದ ಇಟ್ಟರೆ ಅಗಲ ತಿಳಿಯುತ್ತದೆ. ಬೆರಳು ಅಂಚು ದಾಟಿದರೆ ಅಗಲ ಸಾಲದು. ಎತ್ತರ ತಿಳಿಯಲು ಶೂ ಹಾಕಿಕೊಂಡು ಬೆರಳು ಮೇಲೆತ್ತಿ ನೋಡಬೇಕು. ಒಂದು ಇದ್ದು ಇನ್ನೊಂದು ಇಲ್ಲದ ಶೂಗಳು ಬಹಳ ಇವೆ.

ಅಂಟು, ಅಗಲ ಹಿಮ್ಮಡಿ

ಭಾಗಗಳನ್ನು ಜೋಡಿಸುವ ಅಂಟಿಗೂ ಈ ಕತೆಯಲ್ಲಿ ಪಾತ್ರವಿದೆ, ಅದು ಕಹಿಯಾದದ್ದು. ಬೋವರ್‌ಮನ್ ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಶೂ ಅಂಟಿಸಿದರು. ಆ ಅಂಟಿನಲ್ಲಿ ಹೆಕ್ಸೇನ್ ಎಂಬ ದ್ರಾವಕ ಇತ್ತು. ಅದರ ಹಬೆ ನರಗಳನ್ನು ಕೊಲ್ಲುತ್ತದೆ. ಅವರ ಕಾಲಿನ ನರಗಳು ಹಾಳಾದವು, ನಡಿಗೆ ಕುಂಟಿತು. ಲಕ್ಷಾಂತರ ಜನ ಓಡುವ ಶೂಗೆ ರೂಪ ಕೊಟ್ಟವರಿಗೆ ಅದನ್ನು ಹಾಕಿಕೊಂಡು ಓಡಲಾಗಲಿಲ್ಲ. ಅವರ ಬದುಕನ್ನು ಬರೆದವರು ಬೇರೆ ಯಾರೂ ಅಲ್ಲ, ಕಾಲು ಮುರಿದುಕೊಂಡ ಅದೇ ಕೆನ್ನಿ ಮೂರ್. ಮೂರ್ ಮುಂದೆ 1972ರ ಮ್ಯೂನಿಕ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ನಾಲ್ಕನೆಯವರಾಗಿ ಬಂದರು.

ಇಂದಿಗೂ ಹೆಚ್ಚಿನ ಸ್ನೀಕರ್‌ಗಳಲ್ಲಿ ಅಪ್ಪರ್ ಮತ್ತು ಮಿಡ್‌ಸೋಲ್ ನಡುವೆ ಇರುವುದು ಅಂಟೇ. ಹಳೆಯ ಶೂ ವಿವರಿಸುವಾಗ ಆ ಕೂಡುಗೆರೆಯನ್ನು ಬೆರಳಿನಿಂದ ತುಸು ಬಿಡಿಸಿ ನೋಡಬೇಕು. ಮುಂಗಾಲು ಬಾಗುವ ಕಡೆ ಮೊದಲು ಬಾಯಿ ಬಿಡುತ್ತದೆ. ಅಂಟು ಬಿಟ್ಟಿದ್ದರೆ ಮತ್ತೆ ಅಂಟಿಸಬಹುದು, ಫೋಮ್ ಹರಿದಿದ್ದರೆ ಆಗದು. ಎರಡನ್ನೂ ಬರಿದೇ ಡ್ಯಾಮೇಜ್ ಎಂದು ಬರೆದರೆ ಕೊಳ್ಳುವವರಿಗೆ ಮೋಸ.

ಹೊಸ ಯೋಚನೆಗಳೆಲ್ಲ ಗೆದ್ದವೆಂದಲ್ಲ. ವಾಫಲ್ ಅಟ್ಟೆಯ ಯಶಸ್ಸಿನ ನಂತರ ಬಂದ ನೈಕಿ ಎಲ್‌ಡಿ 1000 ಶೂನ ಹಿಮ್ಮಡಿ ಕೆಳಕ್ಕೆ ಹೋದಂತೆ ಅಗಲವಾಗುತ್ತಿತ್ತು. ಬುಡ ಅಗಲವಿದ್ದರೆ ಕಾಲು ಸ್ಥಿರವಾಗಿ ಇಳಿಯುತ್ತದೆ ಎಂಬುದು ಲೆಕ್ಕ. ನೇರವಾಗಿ ಕಾಲಿಟ್ಟವರಿಗೆ ಅದು ನಿಜವಾಯಿತು. ಹಿಮ್ಮಡಿಯ ಹೊರ ಅಂಚಿನ ಮೇಲೆ ಇಳಿಯುವವರಿಗೆ ಆ ಚಾಚಿದ ಅಂಚೇ ಸನ್ನೆಗೋಲಿನಂತೆ ಪಾದವನ್ನು ಜೋರಾಗಿ ಒಳಕ್ಕೆ ತಿರುಗಿಸಿತು, ಮಂಡಿ ನೋವು ಬಂತು. ಶೂವನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹಿಮ್ಮಡಿಯ ಬುಡ ಮೇಲಿಗಿಂತ ಎಷ್ಟು ಚಾಚಿದೆ ಎಂಬುದನ್ನು ಶೂವನ್ನು ಹಿಂದಿನಿಂದ ನೋಡಿ ಬರೆಯಬೇಕು. ಪಕ್ಕದಿಂದ ತೆಗೆದ ಚಿತ್ರದಲ್ಲಿ ಅದು ಕಾಣುವುದೇ ಇಲ್ಲ.

ನಾಲ್ಕು ಸಾಲಿನ ವಿವರಣೆ

ಇಷ್ಟನ್ನೂ ಒಂದು ಶೂ ಮೇಲೆ ಇಟ್ಟು ನೋಡೋಣ. 1974ರ ವಾಫಲ್ ಟ್ರೇನರ್ ತೆಗೆದುಕೊಳ್ಳಿ, ಬೋವರ್‌ಮನ್‌ರ ಅಟ್ಟೆಯನ್ನು ಸಾಮಾನ್ಯ ಓಟಗಾರರ ಕಾಲಿಗೆ ತಲುಪಿಸಿದ ಶೂ ಅದು. ಸಾಮಾನ್ಯವಾಗಿ ಕಾಣುವ ವಿವರಣೆ ಹೀಗಿರುತ್ತದೆ: ನೀಲಿ ಹಳದಿ ಬಣ್ಣದ ಆಕರ್ಷಕ ರೆಟ್ರೊ ಸ್ನೀಕರ್, ಮೆತ್ತನೆಯ ಸೋಲ್, ಅದ್ಭುತ ಗ್ರಿಪ್. ಇದನ್ನು ಓದಿದವರಿಗೆ ಬಣ್ಣವೊಂದನ್ನು ಬಿಟ್ಟರೆ ಏನೂ ತಿಳಿಯಲಿಲ್ಲ. ಅದೇ ಸಾಲುಗಳನ್ನು ಬೇರೆ ಯಾವ ಶೂ ಕೆಳಗೆ ಹಾಕಿದರೂ ನಡೆಯುತ್ತದೆ.

ಈಗ ಕೆಳಗಿನಿಂದ ಮೇಲಕ್ಕೆ ಬರೆಯೋಣ. ಅಟ್ಟೆಯ ತುಂಬ ಚೌಕದ ರಬ್ಬರ್ ಗುಬ್ಬಿಗಳು, ನಡುವೆ ಖಾಲಿ ಜಾಗ. ಹುಲ್ಲು, ಮಣ್ಣಿನ ಹಾದಿಗೆ ಒಗ್ಗುತ್ತದೆ, ಡಾಂಬರಿನಲ್ಲಿ ಗುಬ್ಬಿಯ ಅಂಚುಗಳು ಮೊದಲು ಸವೆಯುತ್ತವೆ. ಮಿಡ್‌ಸೋಲ್ ಹಿಮ್ಮಡಿಯಿಂದ ಬೆರಳಿನ ತನಕ ಒಂದೇ ಪದರ, ಹಿಂಭಾಗದಲ್ಲಿ ಬೆಣೆ ಸೇರಿ ಹಿಮ್ಮಡಿ ಎತ್ತರವಾಗಿದೆ. ಅಪ್ಪರ್ ನೀಲಿ ನೈಲಾನ್. ಬೆರಳಿನ ಸುತ್ತ, ಲೇಸ್ ಸಾಲಿಗೆ, ಹಿಮ್ಮಡಿಗೆ ನೀಲಿ ಸ್ವೀಡ್ ತುಂಡುಗಳ ಹೊಲಿಗೆ, ಪಕ್ಕದಲ್ಲಿ ಹಳದಿ ಸ್ವೂಶ್. ಟೋ ಬಾಕ್ಸ್ ಆಕಾರ ಹಿಡಿದಿರುವುದು ಸ್ವೀಡ್ ತುಂಡಿನಿಂದ, ಅದರ ಮೇಲಿನ ನೈಲಾನ್ ಒತ್ತಿದರೆ ತಗ್ಗುತ್ತದೆ.

ಅಲಂಕಾರದ ಒಂದು ಪದವೂ ಇಲ್ಲ. ಆದರೂ ಇದನ್ನು ಓದಿದ ಓಟಗಾರನಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಮಣ್ಣಿನ ದಾರಿಗೆ ಈ ಶೂ ಸರಿಹೋಗುತ್ತದೆ, ಹೆದ್ದಾರಿಯ ದೂರದ ಓಟಕ್ಕೆ ಬೇಡ ಎಂದು ತಿಳಿಯುತ್ತದೆ. ಹಳೆಯ ಶೂ ಕೂಡಿಡುವವರಿಗೆ ಯಾವ ಭಾಗ ಮೊದಲು ಹಾಳಾಗುತ್ತದೆ ಎಂದು ತಿಳಿಯುತ್ತದೆ. ಅಗಲ ಪಾದದವರಿಗೆ ಮುಂದಿನ ಸ್ವೀಡ್ ತುಂಡು ಬೆರಳನ್ನು ಎಲ್ಲಿ ಒತ್ತಬಹುದು ಎಂಬ ಸುಳಿವು ಸಿಗುತ್ತದೆ. ಬೋವರ್‌ಮನ್ ಶೂ ಬಿಚ್ಚಿ ಕೂತದ್ದು ಹುಡುಗನ ಮೂಳೆ ಏಕೆ ಬಿರುಕು ಬಿಟ್ಟಿತು ಎಂಬ ಒಂದೇ ಪ್ರಶ್ನೆಗೆ ಉತ್ತರ ಹುಡುಕಲು. ಶೂ ಬಗ್ಗೆ ಬರೆಯುವವರು ಪ್ರತಿ ಭಾಗಕ್ಕೂ ಅಂಥದೊಂದು ಪ್ರಶ್ನೆ ಕೇಳಿಕೊಳ್ಳಲಿ: ಇದು ಇಲ್ಲದಿದ್ದರೆ ಈ ಪಾದಕ್ಕೆ ಏನಾಗುತ್ತಿತ್ತು? ಉತ್ತರ ಸಿಕ್ಕಿದ ಭಾಗದ ಬಗ್ಗೆ ಬರೆಯಲಿ, ಸಿಗದ ಭಾಗವನ್ನು ಕೈಯಲ್ಲಿ ಹಿಡಿದು ಮತ್ತೊಮ್ಮೆ ಒತ್ತಿ, ಬಗ್ಗಿಸಿ ನೋಡಲಿ.